ನಡುರಾತ್ರಿ ಕೋಲ್ಡ್ ಸ್ಟೋರೇಜ್ ಅಲರ್ಟ್: ಟೆಲಿಗ್ರಾಂ ಬರದಿದ್ದರೆ ಮುಂದಿನ ದಾರಿ ಯಾವುದು?

ಪ್ರಶ್ನೆ: ಸರ್, ತಿಕೋಟಾ ಹತ್ತಿರ ನಮ್ಮದೊಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಇದೆ. ನಾವು ಇರೋದು ವಿಜಯಪುರದಲ್ಲಿ, ರಾತ್ರಿ ಹೊರಟರೆ ಅಲ್ಲಿಗೆ 40 ನಿಮಿಷ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟು, ರೂಮು 8 ಡಿಗ್ರಿ ದಾಟಿದರೆ ಟೆಲಿಗ್ರಾಂ ಗ್ರೂಪಿಗೆ ಮೆಸೇಜ್ ಬರುವ ಹಾಗೆ ಮಾಡಿದ್ದೇನೆ. ಪೈ ಇನ್ವರ್ಟರ್ ಮೇಲಿದೆ, ರೂಟರ್ ನೇರ ಕರೆಂಟ್ ಮೇಲಿದೆ. ಹೋದ ತಿಂಗಳು ರಾತ್ರಿ ಕರೆಂಟ್ ಹೋಗಿ ಬಂತು. ಕಂಪ್ರೆಸರ್ ಮತ್ತೆ ಶುರುವಾಗಲಿಲ್ಲ, ಮೆಸೇಜೂ ಬರಲಿಲ್ಲ. ಬೆಳಗ್ಗೆ ವಾಚ್‌ಮನ್ ಕಾಕಾ ಫೋನ್ ಮಾಡಿದಾಗಲೇ ಗೊತ್ತಾಗಿದ್ದು. ಕಂಪ್ರೆಸರ್ ನಿಂತರೆ 4 ಡಿಗ್ರಿಯಿಂದ 8ಕ್ಕೆ ಏರಲು ಸುಮಾರು 3 ಗಂಟೆ ಹಿಡಿಯುತ್ತದೆ. ಟೆಲಿಗ್ರಾಂ ಜೊತೆ ಇಮೇಲ್ ಸೇರಿಸಿದರೆ ಸಾಕಾ? ಅಥವಾ ವಾಟ್ಸಾಪ್‌ಗೆ ಹೋಗಬೇಕಾ?

ಉತ್ತರ: ಸಾಕಾಗುವುದಿಲ್ಲ. ವಾಟ್ಸಾಪ್‌ಗೆ ಹೋದರೂ ಆ ರಾತ್ರಿ ಇದೇ ಆಗುತ್ತಿತ್ತು. ನಿಮ್ಮ ಪೈನಿಂದ ಹೊರಡುವ ಟೆಲಿಗ್ರಾಂ, ಇಮೇಲ್, ವಾಟ್ಸಾಪ್ ಮೂರೂ ಅದೇ ರೂಟರ್, ಅದೇ ಕೇಬಲ್ ಮೇಲೆ ಹೋಗುತ್ತವೆ. ವಿಜಯಪುರದಿಂದ ಬಾಗಲಕೋಟೆಗೆ ಸರ್ಕಾರಿ ಬಸ್ ಹತ್ತಿದರೂ ಖಾಸಗಿ ಬಸ್ ಹತ್ತಿದರೂ ಕೊಲ್ಹಾರದ ಸೇತುವೆ ದಾಟಲೇಬೇಕಲ್ವಾ, ಹಾಗೆ. ಸೇತುವೆ ಬಂದ್ ಆದ ದಿನ ಬಸ್ ಬದಲಿಸಿ ಏನೂ ಉಪಯೋಗವಿಲ್ಲ.

ನಿಮ್ಮ ಪತ್ರದಲ್ಲಿ ಇನ್ನೂ ಒಂದು ವಿಷಯವಿದೆ, ನನಗೆ ಅದೇ ಮುಖ್ಯವಾಗಿ ಕಂಡಿತು. ಕರೆಂಟ್ ಹೋದಾಗ ಕಂಪ್ರೆಸರ್ ಸ್ಟಾರ್ಟರ್ ಬಿಟ್ಟುಕೊಳ್ಳುತ್ತದೆ. ಕರೆಂಟ್ ಬಂದ ಮೇಲೂ ಯಾರಾದರೂ ಬಟನ್ ಒತ್ತುವವರೆಗೆ ಅದು ಹಿಡಿಯುವುದಿಲ್ಲ. ಸ್ಟಾರ್ಟರ್ ಇರುವುದೇ ಹಾಗೆ, ಅದು ದೋಷವಲ್ಲ. ಆದರೆ ಅದೇ ಕರೆಂಟ್ ಹೋದಾಗ ರೂಟರ್ ಕೂಡ ಆರುತ್ತದೆ. ಕೆಲವು ಸಲ ರಸ್ತೆಯ ಕಂಬದ ಮೇಲಿರುವ ಬ್ರಾಡ್‌ಬ್ಯಾಂಡ್ ಡಬ್ಬಿಯೂ ಆರಿ, ತಾಸುಗಟ್ಟಲೆ ನೆಟ್ ಬರುವುದಿಲ್ಲ. ಅಂದರೆ ಅಲರ್ಟ್ ಬೇಕಾಗುವ ತೊಂದರೆ ಯಾವುದೋ ಅದೇ ತೊಂದರೆ ಅಲರ್ಟ್ ಹೋಗುವ ದಾರಿಯನ್ನೂ ಮುಚ್ಚುತ್ತದೆ. ಆದ್ದರಿಂದ ಎರಡನೇ ದಾರಿ ಆರಿಸುವಾಗ ಯಾವ ಆ್ಯಪ್ ಒಳ್ಳೆಯದು ಅಂತ ಶುರು ಮಾಡಬೇಡಿ. ಮೊದಲನೇ ದಾರಿ ಯಾವ ಕಾರಣಕ್ಕೆ ಸಾಯುತ್ತದೆ, ಎರಡನೆಯದು ಅದೇ ಕಾರಣಕ್ಕೆ ಸಾಯುತ್ತದಾ ಅಂತ ನೋಡಿ.

ರೂಟರ್‌ಗೆ ಒಂದು ಚಿಕ್ಕ 12 ವೋಲ್ಟ್ ಯುಪಿಎಸ್ ಹಾಕಿಸಿ, ಅಥವಾ ಅದನ್ನೂ ಇನ್ವರ್ಟರ್ ಲೈನಿಗೆ ಸೇರಿಸಿ. ಇದು ಇವತ್ತೇ ಆಗುವ ಕೆಲಸ. ಫೈಬರ್ ಸಂಪರ್ಕಕ್ಕೆ ಬೇರೆ ಡಬ್ಬಿ ಇದ್ದರೆ ಅದನ್ನೂ ಸೇರಿಸಿ, ಎಷ್ಟೋ ಜನ ಅದನ್ನು ಮರೆಯುತ್ತಾರೆ. ಆದರೆ ಇದರಿಂದ ನಿಮ್ಮ ಕಟ್ಟಡದ ಒಳಗಿನ ತೊಂದರೆ ಮಾತ್ರ ಹೋಗುತ್ತದೆ. ಹೊರಗಿನ ಕೇಬಲ್ ನಿಮ್ಮ ಕೈಯಲ್ಲಿಲ್ಲ.

ಇನ್ನು ನೀವು ಕೇಳಿದ ಒಂದೊಂದೇ ದಾರಿ ನೋಡೋಣ.

ಟೆಲಿಗ್ರಾಂ ಮೊದಲನೇ ದಾರಿಯಾಗಿ ಇರಲಿ. ಬಾಟ್ ಮಾಡುವುದು ಸುಲಭ, ಹಣ ಬೇಕಿಲ್ಲ, ಕೆಲಸ ಆಯಿತೋ ಇಲ್ಲವೋ ಅಂತ ತಕ್ಷಣ ಉತ್ತರ ಕೊಡುತ್ತದೆ. `sendMessage` ಕರೆದಾಗ ಉತ್ತರದಲ್ಲಿ `"ok":true` ಬಂದರೆ ಟೆಲಿಗ್ರಾಂ ಸರ್ವರ್ ನಿಮ್ಮ ಮೆಸೇಜ್ ತೆಗೆದುಕೊಂಡಿದೆ ಅಂತ ಅರ್ಥ. ನಿಮ್ಮ ಫೋನಿಗೆ ತಲುಪಿದೆ ಅಂತಲೂ ಅಲ್ಲ, ನೀವು ಎದ್ದಿದ್ದೀರಿ ಅಂತಲೂ ಅಲ್ಲ. ಗ್ರೂಪಿನಲ್ಲಿ ಒಂದು ಅಪಾಯ ಇದೆ, ಹುಷಾರಾಗಿರಿ. ಸಾಮಾನ್ಯ ಗ್ರೂಪು ಸೂಪರ್‌ಗ್ರೂಪ್ ಆಗಿ ಬದಲಾದರೆ ಅದರ ಗುರುತಿನ ನಂಬರು `chat_id` ಕೂಡ ಬದಲಾಗುತ್ತದೆ. ಗ್ರೂಪಿನ ಸೆಟ್ಟಿಂಗ್ ಏನೋ ತಿದ್ದಿದಾಗ ಇದು ಸದ್ದಿಲ್ಲದೆ ಆಗಬಹುದು. ಆಮೇಲೆ ಹಳೆಯ ನಂಬರಿಗೆ ಕಳಿಸಿದರೆ 400 ಎರರ್ ಬರುತ್ತದೆ, ಹೊಸ ನಂಬರು ಅದೇ ಉತ್ತರದಲ್ಲಿ `migrate_to_chat_id` ಅಂತ ಇರುತ್ತದೆ. ನಿಮ್ಮ ಪ್ರೋಗ್ರಾಂ ಉತ್ತರ ಓದದೆ ಸುಮ್ನೆ ಕಳಿಸುತ್ತಿದ್ದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ವಾಟ್ಸಾಪ್ ಎಲ್ಲರ ಫೋನಿನಲ್ಲಿ ಇದೆ, ನಿಜ. ಆದರೆ ಪ್ರೋಗ್ರಾಂನಿಂದ ಕಳಿಸಲು ಅಧಿಕೃತ ದಾರಿ ಬಿಸಿನೆಸ್ ಎಪಿಐ. ನೀವು ಆ ಬಿಸಿನೆಸ್ ನಂಬರಿಗೆ ಮೆಸೇಜ್ ಹಾಕಿ 24 ಗಂಟೆ ಕಳೆದಿದ್ದರೆ, ಅದು ನಿಮಗೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಮೆಸೇಜ್ ಮಾತ್ರ ಕಳಿಸಬಹುದು. ಒಂದು ಕೋಲ್ಡ್ ಸ್ಟೋರೇಜ್‌ಗೆ ಇಷ್ಟು ಓಡಾಟ ಜಾಸ್ತಿ ಆಯಿತು. ವಾಟ್ಸಾಪ್ ವೆಬ್ ಅನ್ನು ಹಿಂಬಾಗಿಲಿನಿಂದ ಓಡಿಸುವ ಲೈಬ್ರರಿಗಳೂ ಸಿಗುತ್ತವೆ. ಅವು ವಾಟ್ಸಾಪ್ ನಿಯಮಕ್ಕೆ ವಿರುದ್ಧ, ನಂಬರೇ ಬ್ಯಾನ್ ಆಗಬಹುದು. ವ್ಯಾಪಾರಕ್ಕೆ ಬಳಸುವ ನಂಬರನ್ನು ಇದಕ್ಕೆ ಒಡ್ಡಬೇಡಿ. ಇನ್ನೊಂದು ಮಾತು. 2021ರ ಅಕ್ಟೋಬರ್ 4ರ ರಾತ್ರಿ ನಮ್ಮ ಸಮಯ ಸುಮಾರು 9 ಗಂಟೆಯ ಹೊತ್ತಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಎಲ್ಲವೂ ಒಟ್ಟಿಗೆ ನಿಂತು, ಸುಮಾರು 6 ಗಂಟೆ ಏಳಲಿಲ್ಲ. ಅಷ್ಟು ದೊಡ್ಡ ಸೇವೆಯೂ ಒಂದು ರಾತ್ರಿ ಪೂರ್ತಿ ಇಲ್ಲವಾಗಬಹುದು. ಟೆಲಿಗ್ರಾಂಗೂ ಈ ಮಾತು ಅನ್ವಯಿಸುತ್ತದೆ.

ಇಮೇಲ್ ಎಬ್ಬಿಸುವ ಕೆಲಸಕ್ಕೆ ಬೇಡವೇ ಬೇಡ. ಇಮೇಲ್ ಇರುವುದೇ ತಡವಾದರೂ ಪರವಾಗಿಲ್ಲ, ಕಳೆದುಹೋಗಬಾರದು ಅನ್ನುವ ಲೆಕ್ಕದಲ್ಲಿ. ಸರ್ವರ್ 250 ಅಂತ ಉತ್ತರ ಕೊಟ್ಟರೆ ನಿಮ್ಮ ಪ್ರೋಗ್ರಾಂ ಪಾಲಿಗೆ ಕೆಲಸ ಮುಗಿಯಿತು. ಆದರೆ ಆ ಕಡೆ ಮೇಲ್ ಸಾಲಿನಲ್ಲಿ ಕೂತಿರಬಹುದು. ಪೋಸ್ಟ್‌ಫಿಕ್ಸ್‌ನಂಥ ಮೇಲ್ ಸರ್ವರ್ ತಲುಪಿಸಲಾಗದ ಮೇಲ್ ಅನ್ನು 5 ದಿನದವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದು ಕಾಗದಪತ್ರಕ್ಕೆ ಒಳ್ಳೆಯ ಗುಣ, ಏರುತ್ತಿರುವ ಟೆಂಪರೇಚರ್‌ಗೆ ಅಲ್ಲ. ಜಿಮೇಲ್‌ನಿಂದ ಕಳಿಸುವುದಾದರೆ ಎರಡು ಹಂತದ ಪರಿಶೀಲನೆ ಹಾಕಿ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಬೇಕು. ಯಾರಾದರೂ ಆ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತದೆ, ಅಲ್ಲಿಂದ ಮೇಲ್ ಹೋಗುವುದೂ ನಿಲ್ಲುತ್ತದೆ. ದಿನದ ವರದಿ, ತಿಂಗಳ ಟೆಂಪರೇಚರ್ ದಾಖಲೆ ಇವನ್ನು ಮೇಲ್‌ಗೆ ಬಿಡಿ. ನಾಳೆ ಮಾಲು ಇಟ್ಟ ರೈತರು ಲೆಕ್ಕ ಕೇಳಿದರೆ ಅದು ಕೈಗೆ ಬರುತ್ತದೆ.

ಹಾಗಾದರೆ ಎರಡನೇ ದಾರಿ ಯಾವುದು? ಸಿಮ್. ಪೈಗೆ ಒಂದು ಯುಎಸ್‌ಬಿ ಮೋಡೆಮ್ ಚುಚ್ಚಿ, ಅದರಿಂದ ನೇರವಾಗಿ ಎಸ್‌ಎಂಎಸ್ ಕಳಿಸಬೇಕು. ಅದು ಮೊಬೈಲ್ ಟವರ್ ಮೂಲಕ ಹೋಗುತ್ತದೆ. ನಿಮ್ಮ ಕೇಬಲ್, ರೂಟರ್, ಟೆಲಿಗ್ರಾಂ ಸರ್ವರ್ ಯಾವುದರ ಹಂಗೂ ಇಲ್ಲ. ಟವರ್‌ಗೆ ಅದರದೇ ಬ್ಯಾಟರಿ ಇರುತ್ತದೆ. ಇಲ್ಲಿ ಒಂದು ಗೊಂದಲ ಆಗುತ್ತದೆ, ಅದನ್ನು ಬಿಡಿಸಿ ಹೇಳುತ್ತೇನೆ. ವೆಬ್‌ಸೈಟ್‌ನಲ್ಲಿ ಸಿಗುವ ಬಲ್ಕ್ ಎಸ್‌ಎಂಎಸ್ ಸೇವೆ ಇದಕ್ಕೆ ಉತ್ತರವಲ್ಲ. ಅದಕ್ಕೆ ಟ್ರಾಯ್ ನಿಯಮದ ಪ್ರಕಾರ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ಮತ್ತು ಟೆಂಪ್ಲೇಟ್ ನೋಂದಾಯಿಸಬೇಕು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಪೈನಿಂದ ಆ ಸೇವೆಗೆ ಹೋಗುವುದೂ ಇಂಟರ್ನೆಟ್ ಮೂಲಕವೇ. ಹೆಸರು ಎಸ್‌ಎಂಎಸ್ ಆದರೂ ದಾರಿ ಹಳೆಯದೇ.

ಸಿಮ್ ಆರಿಸುವಾಗ ಕಂಪನಿಯ ಜಾಹೀರಾತು ನೋಡಬೇಡಿ. ಮೋಡೆಮ್ ಇಡುವ ಪ್ಯಾನೆಲ್ ರೂಮಿನಲ್ಲಿ ನಿಂತು ಯಾವುದಕ್ಕೆ ಸಿಗ್ನಲ್ ಸಿಗುತ್ತದೆ ನೋಡಿ. ದಪ್ಪ ಗೋಡೆ, ತಗಡಿನ ಛಾವಣಿ ಇದ್ದರೆ ಒಳಗೆ ಸಿಗ್ನಲ್ ಕುಗ್ಗುತ್ತದೆ, ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ಹಾಕಿ ಕಿಟಕಿಯ ಹತ್ತಿರ ತನ್ನಿ. ಹಳೆಯ 2ಜಿ ಮೋಡೆಮ್ ಇದ್ದರೆ ಅದರಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ, ಯಾಕೆಂದರೆ ಆ ಜಾಲದಲ್ಲಿ 2ಜಿ ಇಲ್ಲ. ಸಿಮ್‌ನ ಪಿನ್ ಲಾಕ್ ತೆಗೆದಿಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಮೋಡೆಮ್ ಪಿನ್ ಕೇಳುತ್ತಾ ಕೂರುತ್ತದೆ.

ಪೈನಲ್ಲಿ `gammu` ಅನ್ನುವ ಉಚಿತ ಪ್ರೋಗ್ರಾಂ ಹಾಕಿದರೆ ಎಸ್‌ಎಂಎಸ್ ಕಳಿಸುವುದು ಒಂದು ಸಾಲಿನ ಕೆಲಸ. ಎರಡೂ ದಾರಿ ಜೋಡಿಸಿದ ಚಿಕ್ಕ ಸ್ಕ್ರಿಪ್ಟ್ ಹೀಗಿರುತ್ತದೆ:

```bash
#!/bin/bash
. /etc/alert.env   # TOKEN, CHAT, PHONE
tg() {
  curl -s -m 15 \
    --data-urlencode "chat_id=$CHAT" \
    --data-urlencode "text=$1" \
    "https://api.telegram.org/bot$TOKEN/sendMessage" |
    grep -q '"ok":true'
}
sms() {
  timeout 60 gammu sendsms TEXT "$PHONE" -text "$1"
}
tg "$1" || sms "$1" || echo "$(date) FAIL $1" >> /var/log/alert.log
```

ಇದರಲ್ಲಿ ಕಣ್ಣಿಗೆ ಬೀಳದ ಆದರೆ ಬಹಳ ಮುಖ್ಯವಾದದ್ದು `-m 15`. ನೆಟ್ ಪೂರ್ತಿ ಹೋಗಿದ್ದರೆ `curl` ಬೇಗನೆ ಸೋಲೊಪ್ಪುತ್ತದೆ. ಆದರೆ ನೆಟ್ ಅರ್ಧ ಸತ್ತಿರುವ ಹೊತ್ತು ಬರುತ್ತದೆ: ರೂಟರ್ ಇದೆ, ಲೈಟ್ ಹಸಿರಿದೆ, ಡೇಟಾ ಮಾತ್ರ ಹೋಗುತ್ತಿಲ್ಲ. ಆಗ ಸಮಯದ ಮಿತಿ ಹಾಕದ ಪ್ರೋಗ್ರಾಂ ಉತ್ತರಕ್ಕಾಗಿ ಕಾಯುತ್ತಲೇ ನಿಲ್ಲುತ್ತದೆ. ಸೋತೆ ಅಂತ ಅದು ಹೇಳದಿದ್ದರೆ ಎರಡನೇ ದಾರಿ ಶುರುವೇ ಆಗುವುದಿಲ್ಲ. ಪೈಥಾನ್‌ನಲ್ಲಿ `requests` ಬಳಸುವವರು ಹೆಚ್ಚಾಗಿ ಇಲ್ಲೇ ಸಿಕ್ಕಿಬೀಳುತ್ತಾರೆ. ಅದಕ್ಕೆ ತನ್ನಷ್ಟಕ್ಕೆ ಯಾವ ಮಿತಿಯೂ ಇರುವುದಿಲ್ಲ, ನಾವೇ `timeout=15` ಅಂತ ಕೊಡಬೇಕು. 15 ಸೆಕೆಂಡ್ ಮುಗಿದ ಮೇಲೆ ಒಮ್ಮೊಮ್ಮೆ ಟೆಲಿಗ್ರಾಂ ಮೆಸೇಜೂ ಹೋಗಿರುತ್ತದೆ, ಎಸ್‌ಎಂಎಸ್ಸೂ ಬರುತ್ತದೆ. ಬರಲಿ. ಎರಡು ಸಲ ಬಂದ ಮೆಸೇಜಿನಿಂದ ಯಾರಿಗೂ ನಷ್ಟವಿಲ್ಲ.

ಎಸ್‌ಎಂಎಸ್ ಬರಹವನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಕನ್ನಡದಲ್ಲಿ ಬರೆಯಬಾರದು ಅಂತಲ್ಲ, ಟೆಲಿಗ್ರಾಂನಲ್ಲಿ ಧಾರಾಳವಾಗಿ ಬರೆಯಿರಿ. ಆದರೆ ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ, ಕನ್ನಡ ಆದರೆ 70 ಮಾತ್ರ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ‘ದ್ರಾಕ್ಷಿ’ ಅನ್ನುವ ಪದವೊಂದೇ 8 ಜಾಗ ತಿನ್ನುತ್ತದೆ. `Room 2: 5.6C, comp OFF` ಅಂತ ಬಂದರೆ ನಿದ್ದೆಗಣ್ಣಿನಲ್ಲೂ ಓದಬಹುದು.

ಇಲ್ಲಿಯವರೆಗೆ ಹೇಳಿದ್ದು ಮೆಸೇಜ್ ಹೋಗದಿದ್ದಾಗ ಏನು ಅಂತ. ಮೆಸೇಜ್ ಹೋಯಿತು, ಯಾರೂ ನೋಡಲಿಲ್ಲ ಅಂದರೆ? ರಾತ್ರಿ 3 ಗಂಟೆಗೆ ಇದೇ ಜಾಸ್ತಿ ಆಗುವುದು. ಫೋನು ಸೈಲೆಂಟ್ ಇರುತ್ತದೆ. ಕೆಲವು ಫೋನುಗಳು ಬ್ಯಾಟರಿ ಉಳಿಸಲು ಟೆಲಿಗ್ರಾಂ ಅನ್ನು ಮಲಗಿಸುತ್ತವೆ. ಗ್ರೂಪಿನಲ್ಲಿ ಐದು ಜನ ಇದ್ದರೆ ಉಳಿದ ನಾಲ್ವರಲ್ಲಿ ಯಾರೋ ನೋಡಿರುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಆದ್ದರಿಂದ ಪೈ ಉತ್ತರ ಕೇಳಬೇಕು. ನೋಡಿದವರು ಗ್ರೂಪಿನಲ್ಲಿ `/ok` ಅಂತ ಹಾಕಲಿ, ಪೈ ಅದನ್ನು `getUpdates` ಮೂಲಕ ಓದಲಿ. ಬರೀ `ok` ಅಂತ ಹಾಕಿದರೆ ಬಾಟ್‌ಗೆ ಕಾಣಿಸುವುದಿಲ್ಲ, ಯಾಕೆಂದರೆ ಗ್ರೂಪಿನಲ್ಲಿ ಬಾಟ್‌ಗೆ ಸಾಮಾನ್ಯವಾಗಿ `/` ಓರೆಗೆರೆಯಿಂದ ಶುರುವಾಗುವ ಆಜ್ಞೆ ಮತ್ತು ಅದಕ್ಕೇ ಕೊಟ್ಟ ರಿಪ್ಲೈ ಮಾತ್ರ ತೋರಿಸುತ್ತಾರೆ. 5 ನಿಮಿಷದಲ್ಲಿ `/ok` ಬರಲಿಲ್ಲ ಅಂದರೆ ಟೆಲಿಗ್ರಾಂ `"ok":true` ಅಂದಿದ್ದರೂ ಅದು ಸೋತ ಹಾಗೆಯೇ ಲೆಕ್ಕ. ಎಸ್‌ಎಂಎಸ್ ಹೋಗಲಿ, ಅದರ ಹಿಂದೆಯೇ ಫೋನ್ ರಿಂಗ್ ಆಗಲಿ.

ಫೋನ್ ರಿಂಗ್ ಮಾಡಿಸಲು ಅದೇ ಮೋಡೆಮ್ ಸಾಕು, `gammu dialvoice` ಅಂತ ನಂಬರು ಕೊಟ್ಟರೆ ಆಯಿತು. ಎತ್ತಿದರೆ ಆ ಕಡೆ ಮಾತು ಇರುವುದಿಲ್ಲ, ಆದರೆ ಆ ನಂಬರಿನಿಂದ ಕರೆ ಬಂದಿದೆ ಅನ್ನುವುದೇ ಸುದ್ದಿ. ಎಲ್ಲ ಯುಎಸ್‌ಬಿ ಮೋಡೆಮ್ ಕರೆ ಮಾಡುವುದಿಲ್ಲ. ಡೇಟಾ ಮತ್ತು ಎಸ್‌ಎಂಎಸ್ ಮಾತ್ರ ಮಾಡುವವು ಬಹಳ ಇವೆ, ಕೊಳ್ಳುವ ಮೊದಲು ಕೇಳಿ, ತಂದ ಕೂಡಲೇ ಮಾಡಿ ನೋಡಿ. ಆ ನಂಬರನ್ನು ನಿಮ್ಮ ಫೋನಿನಲ್ಲಿ ಸೇವ್ ಮಾಡಿ ನಕ್ಷತ್ರದ ಗುರುತು ಹಾಕಿ, ‘ಡು ನಾಟ್ ಡಿಸ್ಟರ್ಬ್’ ಸೆಟ್ಟಿಂಗ್‌ನಲ್ಲಿ ಆ ಗುರುತಿನವರಿಗೆ ವಿನಾಯಿತಿ ಕೊಡಿ. ಪೈ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಕರೆ ಮಾಡಲಿ. ಆಂಡ್ರಾಯ್ಡ್‌ನಲ್ಲಿ ಅದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಕರೆ ಬಂದರೆ ರಿಂಗ್ ಆಗಲು ಬಿಡುವ ಸೆಟ್ಟಿಂಗ್ ಇದೆ. ಐಫೋನಿನಲ್ಲಿ ಆ ಮಿತಿ 3 ನಿಮಿಷ. ಫೋನನ್ನು ಪೂರ್ತಿ ಸೈಲೆಂಟ್ ಬಟನ್ ಒತ್ತಿ ಮಲಗುವ ಅಭ್ಯಾಸ ಇದ್ದರೆ ಇದ್ಯಾವುದೂ ಸಾಲದು, ಆ ಅಭ್ಯಾಸ ಬಿಡಬೇಕು.

ಇನ್ನೊಂದು ದಾರಿ ನಿಮ್ಮ ಹತ್ತಿರ ಆಗಲೇ ಇದೆ, ಅದಕ್ಕೆ ಯಾವ ಜಾಲವೂ ಬೇಕಿಲ್ಲ. ವಾಚ್‌ಮನ್ ಕಾಕಾ ಗೇಟಿನಲ್ಲೇ ಇದ್ದಾರಲ್ಲ! ಪೈಗೆ ಒಂದು ರಿಲೇ ಹಾಕಿ, ಅವರ ಕೋಣೆಯ ಗೋಡೆಗೆ 12 ವೋಲ್ಟ್ ಹೂಟರ್ ಕೊಡಿ. ಹೂಟರ್ ಮೊದಲ ನಿಮಿಷದಲ್ಲೇ ಕೂಗಲಿ, ಬೇರೆ ದಾರಿ ಸೋಲುವುದನ್ನು ಕಾಯುವುದು ಬೇಡ. ಅವರು ಕಂಪ್ರೆಸರ್ ಆಪರೇಟರ್‌ನನ್ನು ಎಬ್ಬಿಸುತ್ತಾರೆ. ಕೂಗು ನಿಲ್ಲಿಸುವ ಬಟನ್ ಅನ್ನು ಕಾಕಾರ ಕೋಣೆಯಲ್ಲಿ ಇಡಬೇಡಿ, ಕಂಪ್ರೆಸರ್ ಪ್ಯಾನೆಲ್ ಪಕ್ಕ ಇಡಿ. ಅಲ್ಲಿಗೆ ನಡೆದು ಬಂದವರು ನಿಜಕ್ಕೂ ಎದ್ದಿರುತ್ತಾರೆ, ಮೀಟರನ್ನೂ ನೋಡಿರುತ್ತಾರೆ. ಆ ಬಟನ್ ಒತ್ತಿದರೂ `/ok` ಅಂತಲೇ ಪೈ ತಿಳಿಯಲಿ. ನಿಮ್ಮಲ್ಲಿ ಅಮೋನಿಯಾ ಪ್ಲಾಂಟ್ ಇದ್ದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಗ್ಯಾಸ್ ಸೋರಿಕೆಯ ಎಚ್ಚರಿಕೆಯನ್ನು ಈ ವ್ಯವಸ್ಥೆಗೆ ಬಿಡಬೇಡಿ. ಅದಕ್ಕೆ ಬೇರೆ ಡಿಟೆಕ್ಟರ್, ಬೇರೆ ಸೈರನ್ ಇರಬೇಕು. ಅಂಥ ಕೂಗು ಕೇಳಿದಾಗ ಕಾಕಾ ಒಳಗೆ ಹೋಗಬಾರದು, ಹೊರಗೆ ಓಡಬೇಕು. ಎರಡೂ ಕೂಗು ಒಂದೇ ಥರ ಇರಲೇಬಾರದು.

ಈಗ ಸಮಯದ ಲೆಕ್ಕ. ನೀವು ಹೇಳಿದ ಹಾಗೆ 4 ಡಿಗ್ರಿ ಏರಲು 3 ಗಂಟೆ, ಅಂದರೆ ಒಂದು ಡಿಗ್ರಿಗೆ ಹೆಚ್ಚುಕಡಿಮೆ 45 ನಿಮಿಷ. ನೀವು 8ಕ್ಕೆ ಅಲರ್ಟ್ ಇಟ್ಟಿದ್ದೀರಿ. 8 ಆದಮೇಲೆ ಹೊರಟು 40 ನಿಮಿಷಕ್ಕೆ ತಲುಪುವ ಹೊತ್ತಿಗೆ ರೂಮು 9ರ ಹತ್ತಿರ ಇರುತ್ತದೆ. ಅಲರ್ಟ್ ಮಟ್ಟವನ್ನು 5.5ಕ್ಕೆ ಇಳಿಸಿ. ಆಗ 8ಕ್ಕೆ ಇನ್ನೂ 2.5 ಡಿಗ್ರಿ, ಅಂದರೆ 110 ನಿಮಿಷ ಕೈಯಲ್ಲಿರುತ್ತದೆ. ಹಗಲು ಮಾಲು ಇಳಿಸುವಾಗ ಬಾಗಿಲು ತೆರೆದು ಟೆಂಪರೇಚರ್ ಕೊಂಚ ಏರುವುದು ಸಹಜ. ಅದಕ್ಕೆ 10 ನಿಮಿಷ ಸತತವಾಗಿ 5.5ರ ಮೇಲಿದ್ದರೆ ಮಾತ್ರ ಅಲರ್ಟ್ ಅಂತ ಇಡಿ. ಉಳಿದದ್ದು 100 ನಿಮಿಷ. ಪ್ರಯಾಣಕ್ಕೆ 40 ತೆಗೆಯಿರಿ, 60 ಉಳಿಯಿತು. ಅದರಲ್ಲಿ 20 ನಿಮಿಷವನ್ನು ನಿಮ್ಮನ್ನು ಎಬ್ಬಿಸಲು ಕೊಡಬಹುದು, 40 ನಿಮಿಷ ರಿಪೇರಿಗೆ. ಹಾಗಾಗಿ ಮೊದಲು ಟೆಲಿಗ್ರಾಂ ಮತ್ತು ಹೂಟರ್, 5 ನಿಮಿಷಕ್ಕೆ ಎಸ್‌ಎಂಎಸ್ ಮತ್ತು ಎರಡು ಕರೆ, 15 ನಿಮಿಷಕ್ಕೆ ನಿಮ್ಮ ಅಪ್ಪಾಜಿಗೋ ಅಣ್ಣನಿಗೋ ಕರೆ. ಟೆಲಿಗ್ರಾಂ ಕಳಿಸುವುದೇ ಆಗದಿದ್ದರೆ ಮಾತ್ರ ಆ 5 ನಿಮಿಷ ಕಾಯದೆ ತಕ್ಷಣ ಎಸ್‌ಎಂಎಸ್. ಹಾಲಿನ ಡೇರಿಯವರು ಕೇಳಿದ್ದರೆ ಈ ಅಂತರಗಳು ಬೇರೆಯೇ ಇರುತ್ತಿದ್ದವು.

ಆದರೆ ಇದೆಲ್ಲದಕ್ಕೂ ಒಂದು ಕೊರತೆ ಇದೆ. ಅಲರ್ಟ್ ಕಳಿಸುವುದು ಪೈ. ಪೈಯೇ ಸತ್ತರೆ? ಎಸ್‌ಡಿ ಕಾರ್ಡ್ ಕೆಡಬಹುದು, ಇನ್ವರ್ಟರ್ ಬ್ಯಾಟರಿ ಮುಗಿಯಬಹುದು. ಆಗ ಒಂದೂ ಮೆಸೇಜ್ ಬರುವುದಿಲ್ಲ, ನೀವು ಎಲ್ಲ ಸರಿಯಿದೆ ಅಂತ ಮಲಗಿರುತ್ತೀರಿ. ಆದ್ದರಿಂದ ಹೊರಗಿನವರೊಬ್ಬರು ಪೈಯನ್ನು ನೋಡುತ್ತಿರಬೇಕು. ಹೆಲ್ತ್‌ಚೆಕ್ಸ್ ಅನ್ನುವ ಸೇವೆ ಇದೇ ಕೆಲಸಕ್ಕಿದೆ, ಸಣ್ಣ ಬಳಕೆಗೆ ಉಚಿತ. ಅದು ನಿಮಗೊಂದು ವಿಳಾಸ ಕೊಡುತ್ತದೆ. ಪೈ 5 ನಿಮಿಷಕ್ಕೊಮ್ಮೆ ಆ ವಿಳಾಸ ತಟ್ಟಬೇಕು:

```bash
curl -fsS -m 10 --retry 3 https://hc-ping.com/ನಿಮ್ಮ-ಐಡಿ
```

ತಟ್ಟುವುದು ನಿಂತು 10 ನಿಮಿಷ ಜಾಸ್ತಿ ಆದರೆ ಆ ಸೇವೆಯೇ ನಿಮಗೆ ಟೆಲಿಗ್ರಾಂ ಮತ್ತು ಇಮೇಲ್ ಕಳಿಸುತ್ತದೆ. ಅದರ ನೆಟ್ ಬೇರೆ, ನಿಮ್ಮ ಫೋನಿನ ನೆಟ್ ಬೇರೆ, ತಿಕೋಟಾದ ಕೇಬಲ್ ನಡುವೆ ಬರುವುದೇ ಇಲ್ಲ. ಒಂದು ಎಚ್ಚರಿಕೆ: ತಟ್ಟುವ ಸಾಲನ್ನು ನಿಗದಿತ ಸಮಯಕ್ಕೆ ಕೆಲಸ ಓಡಿಸುವ `cron`ನಲ್ಲಿ ಬೇರೆಯಾಗಿ ಹಾಕಬೇಡಿ. ಟೆಂಪರೇಚರ್ ಸರಿಯಾಗಿ ಓದಿದ ಮೇಲೆ, ಅದೇ ಪ್ರೋಗ್ರಾಂನ ಕೊನೆಯಲ್ಲಿ ತಟ್ಟಿ. ಇಲ್ಲದಿದ್ದರೆ ಓದುವ ಪ್ರೋಗ್ರಾಂ ಸತ್ತಿದ್ದರೂ ತಟ್ಟುವುದು ನಡೆದೇ ಇರುತ್ತದೆ. ನಿಮ್ಮದು ಡಿಎಸ್18ಬಿ20 ಸೆನ್ಸರ್ ಆಗಿದ್ದರೆ ಸರಿಯಾಗಿ 85 ಡಿಗ್ರಿ ಅಂತ ಬಂದದ್ದನ್ನು ನಂಬಬೇಡಿ. ಸೆನ್ಸರ್‌ಗೆ ಕರೆಂಟ್ ಬಂದ ಕೂಡಲೇ, ಅಳೆಯುವ ಮೊದಲು ಅದರಲ್ಲಿ ಇರುವ ಸಂಖ್ಯೆ ಅದು. ಅಂಥ ಓದನ್ನು ಬಿಟ್ಟು ಮತ್ತೆ ಓದಿಸಿ.

ಈ ಹೊರಗಿನ ಕಾವಲು ಮತ್ತು ಒಳಗಿನ ಸಿಮ್ ಎರಡೂ ಇದ್ದರೆ ಮತ್ತೊಂದು ಅನುಕೂಲ ಸಿಗುತ್ತದೆ. ನಿಮ್ಮ ಆ ರಾತ್ರಿಯನ್ನೇ ಈ ಹೊಸ ವ್ಯವಸ್ಥೆಯಲ್ಲಿ ನಡೆಸಿ ನೋಡೋಣ. 1:40ಕ್ಕೆ ಕರೆಂಟ್ ಹೋಯಿತು, ರೂಮು 4.1 ಇದೆ. ಕಂಪ್ರೆಸರ್ ನಿಂತಿತು. ಕಂಬದ ಡಬ್ಬಿ ಆರಿ ನೆಟ್ ಹೋಯಿತು. ಪೈ, ಮೋಡೆಮ್ ಇನ್ವರ್ಟರ್ ಮೇಲೆ ಬದುಕಿವೆ. 1:50ಕ್ಕೆ, 10 ನಿಮಿಷದಿಂದ ನೆಟ್ ಇಲ್ಲ ಅಂತ ಪೈ ತಿಳಿದು ಒಂದು ಎಸ್‌ಎಂಎಸ್ ಬಿಡುತ್ತದೆ: `Net illa. Room 4.3C`. ಕರೆ ಮಾಡುವುದಿಲ್ಲ. 1:55ಕ್ಕೆ ಹೊರಗಿನ ಕಾವಲಿನಿಂದ ಟೆಲಿಗ್ರಾಂ ಬರುತ್ತದೆ, ಪೈ ಕಾಣುತ್ತಿಲ್ಲ ಅಂತ. ನೀವು ಎಚ್ಚರವಿದ್ದು ಎರಡನ್ನೂ ನೋಡಿದರೆ ತಿಳಿಯುತ್ತದೆ: ಹೋಗಿರುವುದು ನೆಟ್, ಪೈ ಬದುಕಿದೆ. ಹೊರಗಿನ ಮೆಸೇಜ್ ಮಾತ್ರ ಬಂದು ಎಸ್‌ಎಂಎಸ್ ಬರದಿದ್ದರೆ ಅರ್ಥ ಬೇರೆ. ಪೈ ಸತ್ತಿದೆ, ಅಥವಾ ಟವರೂ ಬಿದ್ದಿದೆ. ಆಗ ಕಾಕಾಗೆ ಫೋನ್ ಹಚ್ಚಿ, ಹತ್ತದಿದ್ದರೆ ಗಾಡಿ ತೆಗೆಯಿರಿ. ಹೊರಗಿನ ಆ ಮೆಸೇಜಿಗೂ ಫೋನಿನಲ್ಲಿ ಬೇರೆ, ಜೋರಾದ ಸದ್ದು ಇಡಿ.

ಮುಂದೆ ನೋಡಿ. ಕರೆಂಟ್ ಬಂತು, ಸ್ಟಾರ್ಟರ್ ಹಿಡಿಯಲಿಲ್ಲ, ನೆಟ್ ಬರಲಿಲ್ಲ. 4.1ರಿಂದ 5.5ಕ್ಕೆ ಸುಮಾರು 63 ನಿಮಿಷ, ಅಂದರೆ 2:43ರ ಸುಮಾರು. 10 ನಿಮಿಷ ಕಾದು 2:53ಕ್ಕೆ ಹೂಟರ್ ಕೂಗುತ್ತದೆ. ಟೆಲಿಗ್ರಾಂ 15 ಸೆಕೆಂಡಿನಲ್ಲಿ ಸೋಲುತ್ತದೆ, ಎಸ್‌ಎಂಎಸ್ ಹೊರಡುತ್ತದೆ, 2:58ಕ್ಕೆ ನಿಮ್ಮ ಫೋನ್ ಎರಡು ಸಲ ರಿಂಗ್ ಆಗುತ್ತದೆ. ನೆಟ್ ಇಲ್ಲದ್ದರಿಂದ ನೀವು ಹಾಕಿದ `/ok` ಪೈಗೆ ತಲುಪುವುದಿಲ್ಲ, ಹಾಗಾಗಿ ಪ್ಯಾನೆಲ್ ಬಟನ್ ಒತ್ತುವವರೆಗೆ ಕರೆಗಳು ನಡೆಯುತ್ತಲೇ ಇರುತ್ತವೆ. ಇರಲಿ ಬಿಡಿ. ಕಾಕಾ ಆಪರೇಟರ್‌ನನ್ನು ಎಬ್ಬಿಸಿದ್ದರೆ 3:10ಕ್ಕೆಲ್ಲ ಕಂಪ್ರೆಸರ್ ಶುರು. ಆಪರೇಟರ್ ಊರಿಗೆ ಹೋಗಿದ್ದರೆ ನೀವು 3:05ಕ್ಕೆ ಹೊರಟು 3:45ಕ್ಕೆ ತಲುಪುತ್ತೀರಿ, ರೂಮು 6.9ರ ಹತ್ತಿರ ಇರುತ್ತದೆ. 8 ಮುಟ್ಟಲು ಇನ್ನೂ ಮುಕ್ಕಾಲು ಗಂಟೆ ಇದೆ.

ಕೊನೆಗೆ ಸಿಮ್ ಬಗ್ಗೆ. ವರ್ಷದಲ್ಲಿ ಎರಡೋ ಮೂರೋ ಸಲ ಬೇಕಾಗುವ ಸಿಮ್‌ನ ರೀಚಾರ್ಜ್ ಮುಗಿದದ್ದು ಯಾರ ಗಮನಕ್ಕೂ ಬರುವುದಿಲ್ಲ. ಭಾನುವಾರ ಬೆಳಗ್ಗೆ ಪೈ ಒಂದು ಪರೀಕ್ಷೆಯ ಎಸ್‌ಎಂಎಸ್ ಕಳಿಸಲಿ. ಆದರೆ ಭಾನುವಾರದ ಮೆಸೇಜ್ ಬರಲಿಲ್ಲವಲ್ಲ ಅಂತ ನೀವು ನೆನಪಿಟ್ಟು ನೋಡುತ್ತೀರಿ ಅಂತ ನಂಬಬೇಡಿ. ಬರದೇ ಇದ್ದದ್ದು ಯಾರಿಗೂ ಕಾಣುವುದಿಲ್ಲ. ಹೆಲ್ತ್‌ಚೆಕ್ಸ್‌ನಲ್ಲೇ ಎರಡನೇ ವಿಳಾಸ ಮಾಡಿ, 7 ದಿನದ ಅವಧಿ ಇಡಿ. `gammu` ಎಸ್‌ಎಂಎಸ್ ಹೋಯಿತು ಅಂದಾಗ ಮಾತ್ರ ಪೈ ಆ ವಿಳಾಸ ತಟ್ಟಲಿ. ರೀಚಾರ್ಜ್ ಮುಗಿದ ವಾರವೇ ನಿಮಗೆ ಟೆಲಿಗ್ರಾಂ ಬರುತ್ತದೆ. ಇದಲ್ಲದೆ ತಿಂಗಳಿಗೊಮ್ಮೆ ಅಲ್ಲಿಗೆ ಹೋದಾಗ ರೂಟರ್ ಕೇಬಲ್ ಕಿತ್ತು, ಸೆನ್ಸರನ್ನು ಅಂಗೈಯಲ್ಲಿ ಹಿಡಿದು 10 ನಿಮಿಷ ಬಿಸಿ ಮಾಡಿ ನೋಡಿ. ಹೂಟರ್ ಕೂಗಬೇಕು, ಎಸ್‌ಎಂಎಸ್ ಬರಬೇಕು, ಫೋನ್ ಎರಡು ಸಲ ರಿಂಗ್ ಆಗಬೇಕು. ಕಾಕಾಗೆ ಮೊದಲೇ ಹೇಳಿರಿ, ಮತ್ತು ಆ ದಿನ ಬಟನ್ ಅವರಿಂದಲೇ ಒತ್ತಿಸಿ.